65 ಬರಬೇಕಿತ್ತು, 1521 ಬಂತು

ಕಳೆದ ಸೆಮಿಸ್ಟರಿನ ಲ್ಯಾಬ್ ಎಕ್ಸಾಮ್. ಎರಡನೇ ಬ್ಯಾಚ್, ಮಧ್ಯಾಹ್ನದ ಹೊತ್ತು. ಎಕ್ಸ್‌ಟರ್ನಲ್ ಆಗಿ ಬಂದಿದ್ದವರು ಬೇರೆ ಕಾಲೇಜಿನ ಹಿರಿಯ ಮೇಷ್ಟ್ರು. ಒಬ್ಬ ಹುಡುಗಿಗೆ ಸಂದೇಶವನ್ನು ಗುಟ್ಟಾಗಿಸುವ ಆರ್‌ಎಸ್‌ಎ ಪ್ರೋಗ್ರಾಂ ಬಂದಿತ್ತು, ಸಿಆರ್‌ಟಿ ಬಳಸಿ, ಅಂದರೆ ಎರಡು ಪ್ರೈಮ್‌ಗಳ ಕಡೆ ಬೇರೆ ಬೇರೆ ಲೆಕ್ಕ ಮಾಡಿ ಕೊನೆಗೆ ಕೂಡಿಸಿ, ಡಿಕ್ರಿಪ್ಟ್ ಮಾಡಬೇಕು. ಅವಳು ನನ್ನ ಕ್ಲಾಸಿನಲ್ಲಿ ಮುಂದಿನ ಬೆಂಚಿನವಳು. ಬೇಗ ಬರೆದಳು, ರನ್ ಮಾಡಿದಳು. ಎಕ್ಸ್‌ಟರ್ನಲ್ ಒಂದು ಲೆಕ್ಕ ಕೊಟ್ಟರು. ಪ್ರೈಮ್‌ಗಳು p = 61 ಮತ್ತು q = 53, ಅವುಗಳ ಗುಣಲಬ್ಧ n = 3233, ಮುಚ್ಚುವ ಘಾತ e = 17, ಬಿಚ್ಚುವ ಘಾತ d = 2753. ಬಿಚ್ಚಬೇಕಾದ ಸೈಫರ್ c = 2790. ಉತ್ತರ 65 ಬರಬೇಕು. ಸ್ಕ್ರೀನ್ ಮೇಲೆ 1521 ಬಂತು.

ಅವಳು ನನ್ನ ಮುಖ ನೋಡಿದಳು. ನಾನು ಇಂಟರ್ನಲ್ ಎಕ್ಸಾಮಿನರ್. "ಇನ್‌ಪುಟ್ ಸರಿಯಾಗಿ ಕೊಟ್ಟಿದ್ದೀಯಾ ನೋಡಮ್ಮ" ಅಂದೆ. ಕೊಟ್ಟಿದ್ದಳು. ಮತ್ತೆ ರನ್ ಮಾಡಿದಳು. ಮತ್ತೆ 1521.

"ಸ್ವಲ್ಪ ನೋಡಿ ಮೇಡಂ" ಅಂತ ಹೇಳಿ ಎಕ್ಸ್‌ಟರ್ನಲ್ ಪಕ್ಕದ ಸಿಸ್ಟಮ್ಮಿಗೆ ಹೋದರು. ನಾನು ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ಮುಂದಿನ ಇಪ್ಪತ್ತು ನಿಮಿಷ ನಾನು ಹುಡುಕಿದ್ದೆಲ್ಲ ತಪ್ಪು ಜಾಗದಲ್ಲೇ.

ಮೊದಲು ಎರಡೂ ಭಾಗಗಳನ್ನು ಬೇರೆ ಬೇರೆ ಪ್ರಿಂಟ್ ಮಾಡಿಸಿದೆ. 65ನ್ನು 61ರಿಂದ ಭಾಗಿಸಿದರೆ ಶೇಷ 4, 53ರಿಂದ ಭಾಗಿಸಿದರೆ 12. ಅಂದರೆ 61ರ ಕಡೆ 4 ಬರಬೇಕು, 53ರ ಕಡೆ 12. ಅವಳಿಗೆ ಬಂದದ್ದು 57 ಮತ್ತು 37. ಆ 57 ನನ್ನನ್ನು ಪೂರ್ತಿ ದಾರಿ ತಪ್ಪಿಸಿತು. ಯಾಕೆಂದರೆ 61ರಲ್ಲಿ 4 ಕಳೆದರೆ 57. ಅಂದರೆ ಬಂದಿರುವುದು ಮೈನಸ್ 4! ಎಲ್ಲೋ ಚಿಹ್ನೆ ತಪ್ಪಿದೆ, ಕಳೆಯುವಾಗ ಹಿಂದೆ ಮುಂದೆ ಆಗಿದೆ ಅಂತ ಗಟ್ಟಿಯಾಗಿ ನಂಬಿಬಿಟ್ಟೆ. ಕೊನೆಯಲ್ಲಿ ಎರಡು ಭಾಗ ಕೂಡಿಸುವ ಫಂಕ್ಷನ್ನನ್ನು ಮೂರು ಸಲ ಓದಿದೆ. ಇನ್ವರ್ಸ್ ಹುಡುಕುವ ಲೂಪನ್ನು ಪೇಪರ್ ಮೇಲೆ ಓಡಿಸಿದೆ. ಎಲ್ಲ ಸರಿ ಇತ್ತು. ಆ ತಪ್ಪು ಅಲ್ಲಿರಲು ಸಾಧ್ಯವೇ ಇರಲಿಲ್ಲ, ಏಕೆಂದರೆ 57 ಬಂದದ್ದು ಕೂಡಿಸುವುದಕ್ಕೂ ಮೊದಲು. ಇಷ್ಟು ಸರಳ ವಿಷಯ ಆ ಹೊತ್ತಿಗೆ ತಲೆಗೆ ಬರಲಿಲ್ಲ. 53ರ ಕಡೆ 12ರ ಬದಲು 37 ಬಂದಿದೆ, ಅದು ಮೈನಸ್ 12 ಅಲ್ಲ (ಆಗಿದ್ದರೆ 41 ಬರುತ್ತಿತ್ತು) ಅನ್ನುವುದನ್ನೂ ನೋಡಲಿಲ್ಲ. ಒಂದು ಕಡೆ ಮಾತ್ರ ಹೊಂದುವ ಸುಳಿವನ್ನು ಹಿಡಿದುಕೊಂಡು ಕೂತೆ.

ಕೊನೆಗೆ ಪೆನ್ನು ತೆಗೆದುಕೊಂಡು ಕೈಯಲ್ಲೇ ಮಾಡಿದೆ. 2790ನ್ನು 61ರಿಂದ ಭಾಗಿಸಿದರೆ ಶೇಷ 45. ಅದರ ವರ್ಗ, ಮತ್ತೆ ಅದರ ವರ್ಗ, ಹೀಗೆ ಹೋದರೆ 45ರ 2ನೇ ಘಾತ 12, 4ನೆಯದು 22, 8ನೆಯದು 57. ಅಲ್ಲೇ ನಿಂತೆ. 57! ಅಂದರೆ ಪ್ರೋಗ್ರಾಂ 45ನ್ನು 8ನೇ ಘಾತಕ್ಕೆ ಏರಿಸಿದೆ. ಈ 8 ಎಲ್ಲಿಂದ ಬಂತು? ಮೇಲೆ ಸ್ಕ್ರೋಲ್ ಮಾಡಿದೆ.

```
dp = d % p
dq = d % q
mp = pow(c, dp, p)
mq = pow(c, dq, q)
```

2753ನ್ನು 61ರಿಂದ ಭಾಗಿಸಿದರೆ ಶೇಷ 8. ಭಾಗಿಸಬೇಕಿದ್ದದ್ದು 60ರಿಂದ. ಆಗ ಶೇಷ 53. ಇನ್ನೊಂದು ಕಡೆ 52ರಿಂದ ಭಾಗಿಸಬೇಕಿತ್ತು, ಆಗ ಶೇಷ 49. ಇವಳಿಗೆ ಸಿಕ್ಕಿದ್ದು 50. ಎರಡು ಸಾಲು ತಿದ್ದಿದಳು.

```
dp = d % (p - 1)
dq = d % (q - 1)
```

4 ಬಂತು, 12 ಬಂತು, 65 ಬಂತು.

ನನಗೆ ಸಮಾಧಾನ ಆಯಿತು. ಆದರೆ ಅವಳಿಗೆ ಆಗಲಿಲ್ಲ. ಮೆಲ್ಲಗೆ ಕೇಳಿದಳು: "ಮ್ಯಾಮ್, ಇಂಟರ್ನಲ್ಸ್‌ನಲ್ಲಿ ನಾನು ಪ್ರೈಮ್‌ನಿಂದಲೇ ಭಾಗಿಸಿದ್ದೆ. ಫುಲ್ ಮಾರ್ಕ್ಸ್ ಕೊಟ್ಟಿದ್ರಿ ಅಲ್ವಾ?"

ಸಂಜೆ ಸ್ಟಾಫ್ ರೂಮಿನಲ್ಲಿ ಬ್ಲೂ ಬುಕ್ಕುಗಳ ಕಟ್ಟು ಬಿಚ್ಚಿದೆ. ಪ್ರಶ್ನೆ ನಾನೇ ತೆಗೆದದ್ದು, ವರ್ಷಗಳಿಂದ ಬೋರ್ಡ್ ಮೇಲೆ ಮಾಡಿಸುತ್ತಿರುವ ಲೆಕ್ಕ: 7ರ 222ನೇ ಘಾತವನ್ನು 11ರಿಂದ ಭಾಗಿಸಿದರೆ ಶೇಷ ಎಷ್ಟು? ಅವಳ ಪುಸ್ತಕದಲ್ಲಿ ಹೀಗಿತ್ತು: 222ನ್ನು 11ರಿಂದ ಭಾಗಿಸಿದರೆ ಶೇಷ 2, 7ರ ವರ್ಗ 49, 49ನ್ನು 11ರಿಂದ ಭಾಗಿಸಿದರೆ ಶೇಷ 5. ಪಕ್ಕದಲ್ಲಿ ನನ್ನ ಕೆಂಪು ರೈಟ್ ಮಾರ್ಕು, ಐದಕ್ಕೆ ಐದು. ಸ್ಕೀಮಿನಲ್ಲಿದ್ದ ಉತ್ತರವೂ 5.

ಸರಿಯಾದ ದಾರಿ ಹೀಗೆ. 7ನ್ನು ಮತ್ತೆ ಮತ್ತೆ 7ರಿಂದ ಗುಣಿಸುತ್ತಾ, ಪ್ರತಿ ಸಲ 11ರಿಂದ ಭಾಗಿಸಿ ಶೇಷ ಬರೆಯುತ್ತಾ ಹೋಗಿ. 7, 5, 2, 3, 10, 4, 6, 9, 8, 1. ಹತ್ತನೆಯದು 1. ಅಲ್ಲಿಂದ ಮತ್ತೆ 7, 5, 2. ಸೊನ್ನೆ ಯಾವತ್ತೂ ಬರುವುದಿಲ್ಲ, ಏಕೆಂದರೆ 7ರ ಯಾವ ಘಾತವೂ 11ರಿಂದ ಪೂರ್ತಿ ಭಾಗವಾಗುವುದಿಲ್ಲ. 11 ಶೇಷಗಳಲ್ಲಿ ಸೊನ್ನೆ ಹೋಯಿತು, ಉಳಿದದ್ದು ಹತ್ತು. 7ರ ಸಾಲಿನಲ್ಲಿ ಆ ಹತ್ತೂ ಬಂದಿವೆ, ಹಾಗಾಗಿ ಸುತ್ತು ಹತ್ತರದ್ದು. ಇವತ್ತು ಸೋಮವಾರವಾದರೆ ನೂರು ದಿನ ಕಳೆದ ಮೇಲೆ ಯಾವ ವಾರ ಅಂತ ಕೇಳಿದರೆ ನಾವು ನೂರನ್ನು 7ರಿಂದ ಭಾಗಿಸಿ, ಶೇಷ 2 ನೋಡಿ, ಬುಧವಾರ ಅನ್ನುತ್ತೇವಲ್ಲ, ಇದೂ ಅದೇ ಲೆಕ್ಕ. ಸುತ್ತು ಎಷ್ಟು ಉದ್ದವೋ ಅದರಿಂದ ಭಾಗಿಸಬೇಕು. ಕೆಳಗಿನ ಸಂಖ್ಯೆಗೆ 11, ಮೇಲಿನ ಘಾತಕ್ಕೆ 10. 1640ರಲ್ಲಿ ಫರ್ಮಾ ಒಂದು ಪತ್ರದಲ್ಲಿ ಬರೆದ ಮಾತು ಇದೇ: ಪ್ರೈಮ್ p ಆದರೆ, p ಭಾಗಿಸದ ಯಾವ ಸಂಖ್ಯೆಯನ್ನೂ p-1ನೇ ಘಾತಕ್ಕೆ ಏರಿಸಿದರೆ ಶೇಷ 1.

222ನ್ನು 10ರಿಂದ ಭಾಗಿಸಿದರೂ ಶೇಷ 2. 11ರಿಂದ ಭಾಗಿಸಿದರೂ 2. ಏಕೆಂದರೆ 220 ಎರಡಕ್ಕೂ ಪೂರ್ತಿ ಹೋಗುತ್ತದೆ. ತಪ್ಪು ದಾರಿಯಲ್ಲಿ ಹೋದವರಿಗೂ ನನ್ನ ಪ್ರಶ್ನೆಯೇ ಸರಿಯಾದ ಉತ್ತರ ಕೊಟ್ಟಿತ್ತು.

ಬಿ ಸೆಕ್ಷನ್ ಪೇಪರ್ ತೆಗೆದೆ. ಕಾಪಿ ಹೊಡೆಯಬಾರದು ಅಂತ ಅವರಿಗೆ ಸಂಖ್ಯೆ ಬದಲಿಸಿದ್ದೆ, 222ರ ಬದಲು 225. ಅದೂ ಹಾಗೇ. ಹತ್ತರಿಂದ ಶೇಷ 5, ಹನ್ನೊಂದರಿಂದಲೂ 5. ಕೊನೆಯ ಅಂಕಿ ಏನೇ ಇಟ್ಟರೂ, 220ರಿಂದ 229ರವರೆಗೆ ಎಲ್ಲ ಹೀಗೇ. ಎರಡು ಸೆಕ್ಷನ್ ಸೇರಿ 17 ಜನ 11ರಿಂದ ಭಾಗಿಸಿದ್ದರು. ಎಲ್ಲರಿಗೂ ಐದಕ್ಕೆ ಐದು.

ಅದೇ ಕಟ್ಟಿನಲ್ಲಿ ಒಬ್ಬ ಹುಡುಗ 10ರಿಂದ ಸರಿಯಾಗಿ ಭಾಗಿಸಿ, ಯಾಕೆ ಹತ್ತು ಅಂತ ಒಂದು ಸಾಲು ಕಾರಣವನ್ನೂ ಬರೆದಿದ್ದ. ಕೊನೆಯಲ್ಲಿ 49ರಲ್ಲಿ 44 ಕಳೆಯುವಾಗ ಅವಸರದಲ್ಲಿ 4 ಅಂತ ಬರೆದಿದ್ದ. ಅವನಿಗೆ ನಾನು ಕೊಟ್ಟದ್ದು ಮೂರು. ಆ ಪುಟ ನೋಡಿ ತುಂಬಾ ನೋವಾಯಿತು. ವಿಷಯ ಗೊತ್ತಿದ್ದವನಿಗೆ ಮೂರು, ಗೊತ್ತಿಲ್ಲದವರಿಗೆ ಐದು.

ಮಾರ್ಕ್ಸ್ ತಿದ್ದೋಣ ಅಂದರೆ ಪೋರ್ಟಲ್ ಲಾಕ್ ಆಗಿತ್ತು. ಎಚ್‌ಒಡಿ ಹತ್ತಿರ ಹೋದೆ. "ಈಗ ತೆಗೆಸೋಕೆ ಪ್ರಿನ್ಸಿಪಾಲ್ ಲೆಟರ್ ಬೇಕು, ಬಿಟ್ಟುಬಿಡಿ" ಅಂದರು. ನಮ್ಮಲ್ಲಿ ಪ್ರಶ್ನೆಪತ್ರಿಕೆ ಸ್ಕ್ರೂಟಿನಿಗೆ ಹೋಗುತ್ತದೆ. ಸಿಒ ಮ್ಯಾಪಿಂಗ್ ಇದೆಯಾ, ಬ್ಲೂಮ್ಸ್ ಲೆವೆಲ್ ಬರೆದಿದೆಯಾ, ಫಾಂಟ್ ಸರಿಯಾ, ಎಲ್ಲ ನೋಡುತ್ತಾರೆ. ಲೆಕ್ಕವನ್ನು ತಪ್ಪಾಗಿ ಮಾಡಿದರೆ ತಪ್ಪು ಉತ್ತರ ಬರುತ್ತದಾ ಅಂತ ಒಬ್ಬರೂ ಮಾಡಿ ನೋಡುವುದಿಲ್ಲ. ನಾನೂ ನೋಡಿರಲಿಲ್ಲ.

ಇನ್ನೂ ಒಂದು ಉಳಿದಿತ್ತು. ಅವಳ ಲ್ಯಾಬ್ ರೆಕಾರ್ಡಿನಲ್ಲಿ ಇದೇ ಪ್ರೋಗ್ರಾಂಗೆ ನಾನು ಸೈನ್ ಹಾಕಿದ್ದೆ. ಹೇಗೆ ಪಾಸಾಯಿತು? ಮ್ಯಾನ್ಯುಯಲ್ಲಿನ ಟೆಸ್ಟ್ ಲೆಕ್ಕ ತೀರಾ ಚಿಕ್ಕದು. ಪ್ರೈಮ್‌ಗಳು 3 ಮತ್ತು 11, e = 7, d = 3, ಮೆಸೇಜ್ 4, ಸೈಫರ್ 16. ಇಲ್ಲಿ d 10ಕ್ಕಿಂತಲೂ ಚಿಕ್ಕದು, ಆದ್ದರಿಂದ 11ರ ಕಡೆ ಹತ್ತರಿಂದ ಭಾಗಿಸಿದರೂ ಹನ್ನೊಂದರಿಂದ ಭಾಗಿಸಿದರೂ ಅದು 3 ಆಗಿಯೇ ಉಳಿಯುತ್ತದೆ. 3ರ ಕಡೆ ತಪ್ಪು ದಾರಿಯಲ್ಲಿ ಘಾತ ಸೊನ್ನೆ ಆಗುತ್ತದೆ, ಸೊನ್ನೆಯ ಘಾತಕ್ಕೆ ಏರಿಸಿದರೆ 1. 4ನ್ನು 3ರಿಂದ ಭಾಗಿಸಿದರೂ ಶೇಷ 1. ಹೊಂದಿಬಿಟ್ಟಿತು. ಮೆಸೇಜ್ 4ರ ಬದಲು 2 ಕೊಟ್ಟಿದ್ದರೆ ಅವತ್ತೇ ಸಿಕ್ಕಿಬೀಳುತ್ತಿತ್ತು, ಯಾಕೆಂದರೆ ಆಗ 3ರ ಕಡೆ 2 ಬರಬೇಕಾದಲ್ಲಿ 1 ಬರುತ್ತದೆ.

ಈಗ ನಾನು ಲೆಕ್ಕ ತೆಗೆಯುವ ರೀತಿ ಬದಲಾಗಿದೆ. 10 ಮತ್ತು 11 ಎರಡರಿಂದಲೂ ಒಂದೇ ಶೇಷ ಬರಬೇಕಾದರೆ ಘಾತವನ್ನು 110ರಿಂದ ಭಾಗಿಸಿದಾಗ ಶೇಷ 0ಯಿಂದ 9ರೊಳಗೆ ಇರಬೇಕು. ಪ್ರತಿ 110 ಸಂಖ್ಯೆಗಳಲ್ಲಿ ಹತ್ತು ಮಾತ್ರ ಹಾಗಿರುತ್ತವೆ. ನಾನು ಸೆಕ್ಷನ್ನಿಗೊಂದರಂತೆ ಆ ಹತ್ತರಲ್ಲೇ ಎರಡನ್ನು ಆರಿಸಿದ್ದೆ. ಘಾತ ಸರಿಯಾಗಿ ಆರಿಸಿದರೂ ಸಾಲದು, ಕೆಳಗಿನ ಸಂಖ್ಯೆಯನ್ನೂ ನೋಡಬೇಕು. 11ರ ಲೆಕ್ಕದಲ್ಲಿ 7ಕ್ಕೆ ಸುತ್ತು ಪೂರ್ತಿ ಹತ್ತು. 3ಕ್ಕೆ ಐದೇ: 3, 9, 5, 4, 1. ಅದಕ್ಕೇ 3ರ 55ನೇ ಘಾತ ಕೇಳಿದರೆ, ಘಾತ ಒಂದು ದಾರಿಯಲ್ಲಿ 5, ಇನ್ನೊಂದರಲ್ಲಿ 0 ಆದರೂ ಎರಡಕ್ಕೂ ಉತ್ತರ 1. ತಪ್ಪು ಮತ್ತೆ ಅಡಗಿಕೊಳ್ಳುತ್ತದೆ.

ಡಿಕ್ರಿಪ್ಟ್ ಮಾಡುವ ಪ್ರೋಗ್ರಾಂನಲ್ಲಿ ಇನ್ನೊಂದು ಪರೀಕ್ಷೆ ಮಾಡಿಸುತ್ತೇನೆ. ಅವತ್ತು ನನಗೆ ಇದು ಹೊಳೆದಿದ್ದರೆ ಇಪ್ಪತ್ತು ನಿಮಿಷ ಉಳಿಯುತ್ತಿತ್ತು. e ಮತ್ತು dp ಗುಣಿಸಿ p-1ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. 17ನ್ನು 53ರಿಂದ ಗುಣಿಸಿದರೆ 901, ಅದು 60ರ ಹದಿನೈದು ಪಟ್ಟಿನ ಮೇಲೆ ಒಂದು. ಸರಿ. ಅವಳ 8 ಇಟ್ಟುಕೊಂಡರೆ 136, ಶೇಷ 16. ಅಲ್ಲೇ ತಪ್ಪು ಗೊತ್ತಾಗುತ್ತದೆ. ಸೈಫರ್ ಮುಟ್ಟುವುದೇ ಬೇಡ.

ಲ್ಯಾಬಿನಲ್ಲಿ ಈಗ ನಿಜವಾದ ಕೀ ಫೈಲನ್ನೂ ತೆರೆದು ತೋರಿಸುತ್ತೇನೆ. `openssl rsa -in key.pem -text -noout` ಅಂತ ಕೊಟ್ಟರೆ `exponent1`, `exponent2` ಅಂತ ಎರಡು ಸಾಲು ಬರುತ್ತವೆ. ಅವು ಇದೇ dp, dq. 2048 ಬಿಟ್ ಕೀಯಲ್ಲಿ d ಸುಮಾರು ಅಷ್ಟೇ ಉದ್ದ ಇದ್ದರೆ, ಇವು ಅದರ ಅರ್ಧದಷ್ಟು. ಅರ್ಧ ಉದ್ದದ ಘಾತ, ಅರ್ಧ ಉದ್ದದ ಪ್ರೈಮ್, ಹಾಗಾಗಿ ಡಿಕ್ರಿಪ್ಟ್ ಸುಮಾರು ನಾಲ್ಕು ಪಟ್ಟು ಬೇಗ ಮುಗಿಯುತ್ತದೆ. ಹುಡುಗರು ಸುಮ್ನೆ ಪರೀಕ್ಷೆಗೆ ಕಲಿಯುವ ಲೆಕ್ಕ ಅಲ್ಲ ಇದು ಅಂತ ಆ ಎರಡು ಸಾಲು ನೋಡಿದಾಗ ಅವರಿಗೇ ತಿಳಿಯುತ್ತದೆ.

ಈ ಸೆಮಿಸ್ಟರಿನ ಮೊದಲ ಇಂಟರ್ನಲ್ಸ್‌ಗೆ 7ರ 232ನೇ ಘಾತ ಕೊಟ್ಟೆ. ಸರಿಯಾಗಿ ಮಾಡಿದರೆ 5 ಬರುತ್ತದೆ, 11ರಿಂದ ಭಾಗಿಸಿದರೆ 7. ಒಂಬತ್ತು ಬ್ಲೂ ಬುಕ್ಕುಗಳಲ್ಲಿ 7 ಇತ್ತು. ಮರುದಿನ ಆ ಒಂಬತ್ತು ಜನರನ್ನು ಕರೆದು ಕೂರಿಸಿ, 7, 5, 2, 3 ಅಂತ ಸಾಲನ್ನು 1 ಬರುವವರೆಗೂ ಅವರ ಕೈಯಲ್ಲೇ ಬರೆಸಿದೆ.