ನೋಟಿಸ್ ಬೋರ್ಡಿನ ಮೇಲೆ ‘ಇಲ್ಲಿ ಕ್ಲಿಕ್ ಮಾಡಿ’

ನಮ್ಮ ಕಾಲೇಜಿನ ಕಚೇರಿಯಲ್ಲಿ ಸೂಚನಾಪತ್ರ ಬರೆಯುವ ಕೆಲಸ ಹಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಪರೀಕ್ಷಾ ಶುಲ್ಕ, ಬಸ್ ಪಾಸು, ವಿದ್ಯಾರ್ಥಿನಿಲಯದ ಅರ್ಜಿ, ಎಲ್ಲಕ್ಕೂ ಒಂದೊಂದು ಪುಟ. ಬರೆದ ಮೇಲೆ ಆ ಪುಟ ಎಲ್ಲೆಲ್ಲಿಗೆ ಹೋಗುತ್ತದೆ ಎಂದು ಬಹಳ ದಿನ ನಾನು ಯೋಚಿಸಿಯೇ ಇರಲಿಲ್ಲ. ನಾನು ಅದನ್ನು ಇ-ಮೇಲ್ ಮಾಡುತ್ತಿದ್ದೆ, ಅಲ್ಲಿಗೆ ನನ್ನ ಕೆಲಸ ಮುಗಿಯುತ್ತಿತ್ತು.

ಒಂದು ಜೂನ್ ತಿಂಗಳಲ್ಲಿ ಹುಡುಗಿಯೊಬ್ಬಳು ಕಿಟಕಿಯ ಬಳಿ ಬಂದು ಮೊಬೈಲ್ ತೋರಿಸಿದಳು. ನೋಟಿಸ್ ಬೋರ್ಡಿಗೆ ಅಂಟಿಸಿದ್ದ ಹಾಳೆಯ ಫೋಟೊ, ಅವಳ ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಬಂದದ್ದು. ಅದರಲ್ಲಿ ನನ್ನದೇ ವಾಕ್ಯ: ‘ವಿದ್ಯಾರ್ಥಿನಿಲಯದ ಅರ್ಜಿಗಾಗಿ ಇಲ್ಲಿ ಕ್ಲಿಕ್ ಮಾಡಿ.’

“ಸರ್, ಎಲ್ಲಿ ಒತ್ತಬೇಕು?” ಎಂದು ಕೇಳಿದಳು. ಕೇಳುತ್ತಲೇ ಫೋಟೊದೊಳಗಿನ ‘ಇಲ್ಲಿ’ ಎಂಬ ಪದವನ್ನು ಬೆರಳಿನಿಂದ ಎರಡು ಸಲ ಒತ್ತಿಯೂ ತೋರಿಸಿದಳು.

ನಾನು ಬರೆದದ್ದು ಕಂಪ್ಯೂಟರಿನಲ್ಲಿ ಒತ್ತಿದರೆ ತೆರೆಯುವ ಕೊಂಡಿ. ವಿಭಾಗದವರು ಅದನ್ನು ಮುದ್ರಿಸಿದ ಕೂಡಲೇ ಪದ ಉಳಿಯಿತು, ಅದರ ಹಿಂದಿದ್ದ ವಿಳಾಸ ಮಾಯವಾಯಿತು. ಫೋಟೊ ತೆಗೆದಾಗ ಅದು ಮತ್ತೆ ಪರದೆಗೆ ಬಂದಿತು, ಆದರೆ ಬರೀ ಚಿತ್ರವಾಗಿ. ಒಂದೇ ಸೂಚನೆಗೆ ಹೀಗೆ ಮೂರು ಜನ್ಮ: ಇ-ಮೇಲ್, ಕಾಗದ, ಕಾಗದದ ಫೋಟೊ. ಮೂರರಲ್ಲಿ ಎರಡು ಕಡೆ ಒತ್ತುವುದಕ್ಕೆ ಏನೂ ಇಲ್ಲ.

ಸರಿ, ವಿಳಾಸವನ್ನೇ ಬಿಡಿಸಿ ಬರೆಯೋಣ ಎಂದುಕೊಂಡೆ. ಎಡವಟ್ಟು ಶುರುವಾದದ್ದು ಅಲ್ಲಿಂದಲೇ. (ಕಾಲೇಜಿನ ನಿಜವಾದ ವಿಳಾಸದ ಬದಲು ಇಲ್ಲಿ example.org ಎಂದು ಬರೆಯುತ್ತೇನೆ. ಉದಾಹರಣೆಗಳಿಗೆಂದೇ ಮೀಸಲಿಟ್ಟ ಹೆಸರು ಅದು.) ನನ್ನ ಎರಡನೆಯ ಪ್ರಯತ್ನ ಹೀಗಿತ್ತು:

```
ಅರ್ಜಿಯನ್ನು https://example.org/uploads/Hostel_Form%202.pdfನಿಂದ
ಡೌನ್‌ಲೋಡ್ ಮಾಡಿಕೊಂಡು ಭರ್ತಿ ಮಾಡಿ.
```

ಕನ್ನಡದಲ್ಲಿ ಬರೆಯುವವರ ಕೈ ತಾನಾಗಿ ಮಾಡುವ ಕೆಲಸ ಇದು. ವಿಭಕ್ತಿ ಪ್ರತ್ಯಯವನ್ನು ನಾವು ಪದಕ್ಕೆ ಅಂಟಿಸಿಯೇ ಬರೆಯುತ್ತೇವೆ: ಕಚೇರಿಯಿಂದ, ಬಸ್ಸಿನಲ್ಲಿ, ಮೈಸೂರಿಗೆ. ಅದೇ ಅಭ್ಯಾಸದಲ್ಲಿ ವೆಬ್ ವಿಳಾಸಕ್ಕೂ ‘ನಿಂದ’ ಅಂಟಿಕೊಂಡಿತು. ಓದುವವರಿಗೆ ವಿಳಾಸ ಎಲ್ಲಿ ಮುಗಿಯಿತೆಂದು ತಿಳಿಯುತ್ತದೆ, ಲಿಪಿಯೇ ಬೇರೆ. ಆದರೆ ಸಂದೇಶದಲ್ಲಿ ವಿಳಾಸ ಕಂಡ ಕೂಡಲೇ ಅದನ್ನು ಕೊಂಡಿಯಾಗಿ ಮಾಡುವ ತಂತ್ರಾಂಶಗಳಲ್ಲಿ ಕೆಲವು, ಖಾಲಿ ಜಾಗ ಸಿಗುವ ತನಕ ಬಂದದ್ದನ್ನೆಲ್ಲ ವಿಳಾಸವೆಂದೇ ತಿಳಿಯುತ್ತವೆ. ‘ನಿಂದ’ ಕೂಡ ಕಡತದ ಹೆಸರಿನ ಭಾಗವಾಗುತ್ತದೆ. ಅಂಥ ಕಡತವೇ ಇಲ್ಲದ ಕಾರಣ ಸರ್ವರ್ ‘404’ ಎನ್ನುತ್ತದೆ.

ತಪ್ಪು ಇದೇ ಎಂದು ಗುರುತಿಸಲು ಒಂದು ಗುಟ್ಟು ಇದೆ. ತೆರೆಯದ ಪುಟದ ವಿಳಾಸವನ್ನು ಕಾಪಿ ಮಾಡಿ ನೋಟ್‌ಪ್ಯಾಡಿನಲ್ಲಿ ಅಂಟಿಸಿ ನೋಡಿ. ಕೊನೆಯಲ್ಲಿ ಇಂಥ ಬಾಲ ಕಾಣಿಸಿದರೆ ಪ್ರತ್ಯಯವೇ ಅಪರಾಧಿ:

```
%E0%B2%A8%E0%B2%BF%E0%B2%82%E0%B2%A6
```

ಇದು ‘ನಿಂದ’. ವೆಬ್ ವಿಳಾಸ ಸಾಗುವಾಗ ಕನ್ನಡದ ಒಂದೊಂದು ಚಿಹ್ನೆಯೂ ಮೂರು ಬೈಟ್ ಆಗಿ, ಒಂದೊಂದು ಬೈಟ್ ಶೇಕಡಾ ಚಿಹ್ನೆಯ ಜೊತೆ ಎರಡು ಅಕ್ಷರಗಳಾಗಿ ಬರೆಯಲ್ಪಡುತ್ತದೆ. ನ, ಗುಡಿಸು, ಸೊನ್ನೆ, ದ ಎಂಬ ನಾಲ್ಕು ಚಿಹ್ನೆಗಳಿಗೆ ಹೀಗೆ 36 ಅಕ್ಷರ. ಕನ್ನಡದ ಅಕ್ಷರಗಳೆಲ್ಲ %E0%B2 ಅಥವಾ %E0%B3 ಎಂದೇ ಆರಂಭವಾಗುವುದರಿಂದ ಗುರುತಿಸುವುದು ಕಷ್ಟವಲ್ಲ. ಇದೇ ಕಾರಣಕ್ಕೆ ಕಡತಗಳಿಗೆ ಕನ್ನಡದಲ್ಲಿ ಹೆಸರಿಟ್ಟು ಅದರ ವಿಳಾಸವನ್ನು ಕಾಗದದಲ್ಲಿ ಅಚ್ಚು ಮಾಡುವುದನ್ನು ನಾನು ಬಿಟ್ಟಿದ್ದೇನೆ. ನನಗೂ ಅದರಲ್ಲಿ ಸಂತೋಷವಿಲ್ಲ. ಆದರೆ ‘ಅರ್ಜಿ’ ಎಂಬ ಹೆಸರಿಗೆ 45 ಅಕ್ಷರಗಳನ್ನು ಯಾರೂ ನೋಡಿಕೊಂಡು ಟೈಪ್ ಮಾಡುವುದಿಲ್ಲ.

ಪ್ರತ್ಯಯವನ್ನು ಬಿಡಿಸಲು ನಮ್ಮ ಭಾಷೆಯಲ್ಲೇ ದಾರಿ ಇದೆ. ವಿಳಾಸವನ್ನು ಬರೆದು, ಜಾಗ ಬಿಟ್ಟು, ‘ಎಂಬ ವಿಳಾಸದಿಂದ’ ಎಂದು ಸೇರಿಸಿದರೆ ಪ್ರತ್ಯಯ ‘ವಿಳಾಸ’ ಎಂಬ ಪದದ ಮೇಲೆ ಕೂರುತ್ತದೆ. ನಡುವೆ ಅಡ್ಡಗೆರೆ ಹಾಕಿ ‘-ನಿಂದ’ ಎಂದು ಬರೆಯುವವರೂ ಇದ್ದಾರೆ. ಅದು ಇನ್ನೂ ಕೆಟ್ಟದ್ದು, ಏಕೆಂದರೆ ಕಾಗದ ನೋಡಿ ಟೈಪ್ ಮಾಡುವವರು ಆ ಗೆರೆಯನ್ನೂ ಟೈಪ್ ಮಾಡುತ್ತಾರೆ. ಎಲ್ಲಕ್ಕಿಂತ ಒಳ್ಳೆಯದು, ವಿಳಾಸಕ್ಕೆ ಒಂದು ಇಡೀ ಸಾಲು ಕೊಡುವುದು. ಅದರ ಹಿಂದೆ ಮುಂದೆ ಏನೂ ಬೇಡ, ಪೂರ್ಣವಿರಾಮವೂ ಬೇಡ.

ಪ್ರತ್ಯಯ ಹೋದ ಮೇಲೂ ಕಾಗದದವರ ಕಷ್ಟ ಮುಗಿಯಲಿಲ್ಲ. Hostel ಮತ್ತು Form ಎಂಬ ಎರಡು ಪದಗಳ ನಡುವೆ ತಳಗೆರೆ ಇದೆ. ವರ್ಡ್ ತಂತ್ರಾಂಶ ಇಡೀ ವಿಳಾಸಕ್ಕೆ ನೀಲಿ ಅಡಿಗೆರೆ ಎಳೆದಿತ್ತು, ತಳಗೆರೆ ಅದರೊಳಗೆ ಮುಳುಗಿಹೋಯಿತು. ಓದಿದವರಿಗೆ ಅಲ್ಲಿ ಕಂಡದ್ದು ಖಾಲಿ ಜಾಗ. %202 ಎಂಬುದಂತೂ ನನಗೇ ಅರ್ಥವಾಗಲು ಸಮಯ ಹಿಡಿಯಿತು: %20 ಎಂದರೆ ಕಡತದ ಹೆಸರಿನಲ್ಲಿದ್ದ ಖಾಲಿ ಜಾಗ, ಕೊನೆಯ 2 ಎಂದರೆ ನಾನು ಇಟ್ಟ ಎರಡನೆಯ ಪ್ರತಿ. ಇನ್ನು H ಮತ್ತು F ದೊಡ್ಡಕ್ಷರ. example.org ಎಂಬ ಭಾಗದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಯಾವುದಾದರೂ ನಡೆಯುತ್ತದೆ. ಓರೆಗೆರೆಯ ನಂತರದ ಭಾಗದಲ್ಲಿ ಬಹಳಷ್ಟು ಸರ್ವರುಗಳು hostel ಮತ್ತು Hostel ಎರಡನ್ನೂ ಬೇರೆ ಬೇರೆ ಎಂದೇ ನೋಡುತ್ತವೆ.

ಕಾಲೇಜಿನ ವೆಬ್‌ಸೈಟ್ ನೋಡಿಕೊಳ್ಳುವ ಗಣಕ ವಿಭಾಗದ ಉಪನ್ಯಾಸಕರ ಬಳಿ ಹೋಗಿ ಹೇಳಿಕೊಂಡೆ. ಅವರು ನಕ್ಕು, hostel-form ಎಂಬ ಪುಟ್ಟ ವಿಳಾಸ ಮಾಡಿ, ಅದನ್ನು ತೆರೆದವರು ನಿಜವಾದ ಕಡತಕ್ಕೆ ತಾನಾಗಿ ಹೋಗುವಂತೆ ಮಾಡಿಕೊಟ್ಟರು. ಚೆನ್ನಾಗಿಯೇ ಇತ್ತು. ಆದರೆ ಕಾಲೇಜಿನ ವಾರ್ತಾಪತ್ರವನ್ನು ಡಿಟಿಪಿ ಅಂಗಡಿಯವರು ಎರಡು ಅಂಕಣಗಳಲ್ಲಿ ಜೋಡಿಸಿದಾಗ ಒಂದು ಸಾಲು ‘hostel-’ ಎಂದು ಮುಗಿದು, ಮುಂದಿನ ಸಾಲು ‘form’ ಎಂದು ಶುರುವಾಯಿತು. ಸಾಲಿನ ಕೊನೆಯ ಅಡ್ಡಗೆರೆ ಪದ ಮುರಿದದ್ದಕ್ಕೆ ಹಾಕಿದ ಗುರುತು ಎಂದು ಪತ್ರಿಕೆ ಓದುವ ಯಾರಾದರೂ ತಿಳಿಯುತ್ತಾರೆ. ಹಾಗೆ ತಿಳಿದವರೆಲ್ಲ hostelform ಎಂದು ಟೈಪ್ ಮಾಡಿ ಬರಿಗೈಯಲ್ಲಿ ಬಂದರು.

ಆಗ ಉಪನ್ಯಾಸಕರು ತೋರಿಸಿದ್ದು 2005ರ RFC 3986 ಎಂಬ ದಾಖಲೆ. ವೆಬ್ ವಿಳಾಸ ಹೇಗಿರಬೇಕೆಂಬ ನಿಯಮಗಳು ಅದರಲ್ಲಿವೆ. ವಿಳಾಸವನ್ನು ಮಾಮೂಲು ಬರಹದ ನಡುವೆ ಹೇಗೆ ಬರೆಯಬೇಕು ಎಂಬುದಕ್ಕೇ ಒಂದು ಅನುಬಂಧವಿದೆ. ಸಾಲು ಮುರಿದ ಜಾಗದ ಅಡ್ಡಗೆರೆ ವಿಳಾಸದ್ದೋ ಅಚ್ಚಿನವರದ್ದೋ ಎಂದು ಹೇಳಲಾಗದು ಎಂಬ ಎಚ್ಚರಿಕೆ ಅಲ್ಲಿಯೇ ಇದೆ! ವಿಳಾಸವನ್ನು < > ಎಂಬ ಕೋನಾವರಣದೊಳಗೆ ಇಡಿ ಎಂಬ ಸಲಹೆಯೂ ಇದೆ. ಒಂದು ಸೂಚನೆಯಲ್ಲಿ ಹಾಗೆ ಮಾಡಿ ನೋಡಿದೆ; ವಿದ್ಯಾರ್ಥಿಗಳು ಆ ಆವರಣವನ್ನೂ ಸೇರಿಸಿ ಟೈಪ್ ಮಾಡಿದರು. ಪ್ರತ್ಯೇಕ ಸಾಲು ಮತ್ತು ಗೆರೆಗಳಿಲ್ಲದ ಒಂದೇ ಪದ, ಇದೇ ನಮ್ಮಲ್ಲಿ ಗೆದ್ದದ್ದು. ಹಾಗಾಗಿ ಈಗಿನ ವಿಳಾಸ ಬರೀ hostel. ಹಳೆಯದೂ ತೆರೆಯುತ್ತದೆ, ಏಕೆಂದರೆ ಹಳೆಯ ವಾರ್ತಾಪತ್ರ ಇನ್ನೂ ಯಾರದೋ ಮನೆಯಲ್ಲಿ ಇರುತ್ತದೆ.

ನುಡಿ ಫಾಂಟಿನ ಕತೆ ನಮ್ಮ ಕಚೇರಿಗಳಿಗೇ ವಿಶೇಷ. ನಮ್ಮ ಟೈಪಿಸ್ಟ್ ಇಂದಿಗೂ ಹಳೆಯ ನುಡಿಯಲ್ಲೇ ಟೈಪ್ ಮಾಡುತ್ತಾರೆ. ಆ ಫಾಂಟಿನಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ರೂಪ ತೊಡಿಸಿರುತ್ತಾರೆ. ಕೊನೆಯಲ್ಲಿ ಇಡೀ ಪುಟವನ್ನು ಆಯ್ದು ‘Nudi 01 e’ ಎಂದು ಕೊಟ್ಟರೆ ವೆಬ್ ವಿಳಾಸವೂ ಅರ್ಥವಿಲ್ಲದ ಕನ್ನಡ ಅಕ್ಷರಗಳ ಗುಂಪಾಗುತ್ತದೆ. ತಮಾಷೆ ಎಂದರೆ ಒತ್ತಿದರೆ ಅದು ತೆರೆಯುತ್ತದೆ, ಒಳಗಿನ ಕೊಂಡಿ ಸರಿಯಾಗಿಯೇ ಇರುತ್ತದೆ. ಕಾಗದದಲ್ಲಿ ಮಾತ್ರ ಓದಲಾಗದು. ಒತ್ತಿ ನೋಡಿ ‘ಸರಿ ಇದೆ’ ಎಂದವನು ನಾನೇ.

ಇಷ್ಟೆಲ್ಲ ವಿಳಾಸದ ಮಾತು. ಹಂತಗಳನ್ನು ಬರೆಯುವುದರಲ್ಲೂ ಇದೇ ತಪ್ಪು ಬೇರೆ ವೇಷದಲ್ಲಿ ಬರುತ್ತದೆ. ‘ಬಲಗಡೆಯ ಹಸಿರು ಗುಂಡಿ ಒತ್ತಿ’ ಎಂದು ಬರೆದಿದ್ದೆ. ಜೊತೆಗೆ ಕೊಟ್ಟಿದ್ದ ಚಿತ್ರ ಜೆರಾಕ್ಸಿನಲ್ಲಿ ಕಪ್ಪು ಬಿಳುಪಾಯಿತು, ಮೊಬೈಲಿನಲ್ಲಿ ಆ ಗುಂಡಿ ಬಲಗಡೆ ಇರದೆ ಪುಟದ ತಳಕ್ಕೆ ಜಾರಿತ್ತು. ಗುಂಡಿಯ ಮೇಲೆ ಏನು ಬರೆದಿದೆಯೋ ಅದೇ ಪದವನ್ನು, ಪರದೆಯ ಮೇಲಿರುವ ಲಿಪಿಯಲ್ಲೇ ಬರೆಯಬೇಕು. ನಾನು ಪ್ರೀತಿಯಿಂದ ‘ಹೊಸ ಅರ್ಜಿ’ ಎಂದು ಅನುವಾದಿಸಿದ್ದನ್ನು ಪುಟದಲ್ಲಿ ಹುಡುಕಿ ಸುಸ್ತಾದವರಿದ್ದಾರೆ.

ಒಮ್ಮೆ ಸಹೋದ್ಯೋಗಿಯೊಬ್ಬರು, ಇಷ್ಟೊಂದು ಹಂತ ಏಕೆ, ನೇರವಾಗಿ ಮೂರನೆಯ ಪುಟದ ವಿಳಾಸವನ್ನೇ ಕೊಡೋಣ ಎಂದು ತಮ್ಮ ಪರದೆಯಿಂದ ಕಾಪಿ ಮಾಡಿ ಕೊಟ್ಟರು. ಅದರಲ್ಲಿ jsessionid ಎಂಬ ಪದ ಮತ್ತು ಒಂದು ಉದ್ದದ ಸಂಖ್ಯೆ ಇತ್ತು. ಅವರು ಲಾಗಿನ್ ಆಗಿದ್ದ ಹೊತ್ತಿಗೆ ಮಾತ್ರ ಸಲ್ಲುವ ಗುರುತು ಅದು. ಅವರ ಕಂಪ್ಯೂಟರಿನಲ್ಲಿ ಸಂಜೆಯ ತನಕ ಚೆನ್ನಾಗಿ ತೆರೆಯಿತು, ಉಳಿದವರಿಗೆ ಒಮ್ಮೆಯೂ ತೆರೆಯಲಿಲ್ಲ. ಈಗ ಯಾವ ವಿಳಾಸವನ್ನೂ ಲಾಗಿನ್ ಆಗಿರದ ಬೇರೆ ಮೊಬೈಲಿನಲ್ಲಿ, ಕಾಪಿ ಮಾಡದೆ ಕೈಯಿಂದ ಟೈಪ್ ಮಾಡಿ ನೋಡಿದ ಮೇಲೆಯೇ ಹೊರಗೆ ಬಿಡುತ್ತೇನೆ.

ಕ್ಯೂಆರ್ ಕೋಡ್ ಹಾಕಿಬಿಟ್ಟರೆ ಇದೆಲ್ಲ ಬೇಕೇ ಎಂದು ಪ್ರಾಂಶುಪಾಲರು ಕೇಳಿದರು. ಗೋಡೆಯ ಮೇಲಿನ ಹಾಳೆಗೆ ಅದು ನಿಜಕ್ಕೂ ಒಳ್ಳೆಯದು, ಹಾಕಿದ್ದೇವೆ. ಆದರೆ ಹಾಳೆಯ ಫೋಟೊ ಇರುವುದೂ ಸ್ಕ್ಯಾನ್ ಮಾಡಬೇಕಾದದ್ದೂ ಒಂದೇ ಮೊಬೈಲ್ ಆದಾಗ, ತನ್ನ ಬೆನ್ನನ್ನು ತಾನೇ ನೋಡಿಕೊಳ್ಳುವ ಪಾಡು. ಚಿತ್ರದೊಳಗಿನ ಕೋಡನ್ನು ಓದುವ ಸೌಲಭ್ಯ ಹಲವು ಮೊಬೈಲುಗಳಲ್ಲಿ ಇದೆ, ಅದನ್ನು ಬಲ್ಲವರು ಕಡಿಮೆ. ಆದ್ದರಿಂದ ಕೋಡಿನ ಕೆಳಗೆ ವಿಳಾಸ ಇದ್ದೇ ಇರುತ್ತದೆ.

ಈ ವರ್ಷದ ಸೂಚನೆಯ ಕರಡನ್ನು ಮುದ್ರಿಸಿ ನಮ್ಮ ಅಟೆಂಡರ್ ಕೈಗೆ ಕೊಟ್ಟು, “ಅಣ್ಣಾ, ಇದನ್ನು ನೋಡಿಕೊಂಡು ನಿಮ್ಮ ಮೊಬೈಲಿನಲ್ಲಿ ಅರ್ಜಿ ತೆಗೆಯಿರಿ, ನಾನು ಏನೂ ಹೇಳುವುದಿಲ್ಲ” ಎಂದೆ. ಅವರು ವಿಳಾಸವನ್ನು ಒಂದಕ್ಷರ ತಪ್ಪದೆ ಟೈಪ್ ಮಾಡಿದರು, ಆದರೆ ಯೂಟ್ಯೂಬಿನ ಹುಡುಕು ಪಟ್ಟಿಯಲ್ಲಿ. ಯಾವುದೋ ಹಾಸ್ಟೆಲಿನ ಅಡುಗೆಯ ವಿಡಿಯೊ ಬಂದಿತು. “ಬಂತು ನೋಡಿ ಸ್ವಾಮಿ” ಎಂದು ನನ್ನ ಕಡೆ ತಿರುಗಿಸಿದರು. ಕರಡಿನ ಮೊದಲ ಹಂತವನ್ನು ಅಂದೇ ಹೀಗೆ ತಿದ್ದಿದೆ:

```
1. ಮೊಬೈಲಿನಲ್ಲಿ Chrome ತೆರೆಯಿರಿ. ಎಲ್ಲಕ್ಕಿಂತ ಮೇಲಿರುವ
   ಪಟ್ಟಿಯಲ್ಲಿ ಈ ವಿಳಾಸ ಟೈಪ್ ಮಾಡಿ:

   https://example.org/hostel

2. ತೆರೆದ ಪುಟದಲ್ಲಿ New Application ಎಂಬ ಪದಗಳನ್ನು ಒತ್ತಿ.
   ಅವು ಕಾಣದಿದ್ದರೆ ವಿಳಾಸ ತಪ್ಪಾಗಿದೆ; 1ನೇ ಹಂತಕ್ಕೆ ಹಿಂತಿರುಗಿ.
```