ಐದು ಮಿಲಿಮೀಟರ್ ಒಳಗಿದ್ದ ಪೋಲ್

ಇಸಿಜಿ ಸಿಗ್ನಲ್‌ನಲ್ಲಿ ಸೇರಿಕೊಂಡಿದ್ದ 50 ಹರ್ಟ್ಸ್ ಕರೆಂಟ್ ಗುಂಯ್‌ಗುಟ್ಟುವಿಕೆಯನ್ನು ತೆಗೆಯಲು, ಒಂದೇ ಫ್ರೀಕ್ವೆನ್ಸಿಯನ್ನು ಕತ್ತರಿಸುವ ನಾಚ್ ಫಿಲ್ಟರ್ ಬರೆಯುವ ಕೆಲಸ ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ಹುಡುಗನಿಗೆ ಹೋಗಿತ್ತು. ಸೆಕೆಂಡಿಗೆ 500 ಸ್ಯಾಂಪಲ್. ಬೆಳಿಗ್ಗೆಯೇ ಬರೆದು ಮುಗಿಸಿದ್ದ. ಮಧ್ಯಾಹ್ನ ಲ್ಯಾಪ್‌ಟಾಪ್ ಹಿಡಿದು ನನ್ನ ಮೇಜಿನ ಹತ್ತಿರ ಬಂದ.

“ಸರ್, 50 ಹರ್ಟ್ಸ್‌ನಲ್ಲಿ ಪೂರ್ತಿ ಸೊನ್ನೆ ಆಗ್ಬೇಕಿತ್ತು ಅಲ್ವಾ? ಗ್ರಾಫ್ ನೋಡಿದ್ರೆ ಮೈನಸ್ 26 ಡೆಸಿಬಲ್‌ಗೇ ನಿಂತುಬಿಟ್ಟಿದೆ. ಇನ್ನೊಂದು ನಾಚ್ ಸೇರಿಸಲಾ?”

ಅವನ ಕೋಡ್ ಇಷ್ಟೇ ಇತ್ತು:

```python
from scipy import signal
b = [1, -1.6180, 1]
a = [1, -1.5371, 0.9025]
w, h = signal.freqz(b, a, fs=500)
```

“ಸೇರಿಸೋದು ಆಮೇಲೆ, ಮೊದಲು ಇದನ್ನ ಬಿಡಿಸಿ ನೋಡೋಣ” ಅಂತ ಒಂದು ಎ4 ಹಾಳೆ ತೆಗೆದುಕೊಂಡೆ. ಕೈವಾರದಲ್ಲಿ 10 ಸೆಂಟಿಮೀಟರ್ ತ್ರಿಜ್ಯದ ವೃತ್ತ ಎಳೆದೆ. ಅದೇ ನಮ್ಮ ಯೂನಿಟ್ ಸರ್ಕಲ್, ಅದರ ತ್ರಿಜ್ಯವೇ 1. ಪೂರ್ತಿ ಒಂದು ಸುತ್ತು ಎಂದರೆ 500 ಹರ್ಟ್ಸ್, ಹಾಗಾಗಿ 50 ಹರ್ಟ್ಸ್ ಬರುವುದು 36 ಡಿಗ್ರಿಯಲ್ಲಿ. ಅಲ್ಲಿ ವೃತ್ತದ ಮೇಲೆಯೇ ಒಂದು ಜೀರೋ, ಅಂದರೆ `b`ಯನ್ನು ಸೊನ್ನೆ ಮಾಡುವ ಬಿಂದು. ಅದೇ ಕೋನದಲ್ಲಿ, ಕೇಂದ್ರದಿಂದ 0.95 ದೂರದಲ್ಲಿ, ಅಂದರೆ ಗೆರೆಯಿಂದ ಬರೀ 5 ಮಿಲಿಮೀಟರ್ ಒಳಗೆ ಒಂದು ಪೋಲ್, `a`ಯನ್ನು ಸೊನ್ನೆ ಮಾಡುವ ಬಿಂದು. ಕೆಳಗಡೆ ಮೈನಸ್ 36 ಡಿಗ್ರಿಯಲ್ಲಿ ಇವುಗಳ ಕನ್ನಡಿ ಜೋಡಿ.

ಓದುವ ಕ್ರಮ ಸರಳ. ಯಾವ ಫ್ರೀಕ್ವೆನ್ಸಿ ಬೇಕೋ ಆ ಕೋನದಲ್ಲಿ ವೃತ್ತದ ಮೇಲೆ ಬೆರಳಿಡಬೇಕು. ಪ್ರತಿ ಜೀರೋದಿಂದ, ಪ್ರತಿ ಪೋಲ್‌ನಿಂದ ಬೆರಳಿನವರೆಗೆ ಗೆರೆ ಎಳೆಯಬೇಕು. ಜೀರೋ ಗೆರೆಗಳ ಉದ್ದ ಗುಣಿಸಿ, ಪೋಲ್ ಗೆರೆಗಳ ಉದ್ದದಿಂದ ಭಾಗಿಸಿದರೆ ಮ್ಯಾಗ್ನಿಟ್ಯೂಡ್ ಸಿಗುತ್ತದೆ. ಜೀರೋ ಗೆರೆಗಳ ಕೋನಗಳನ್ನು ಕೂಡಿ, ಪೋಲ್ ಗೆರೆಗಳ ಕೋನಗಳನ್ನು ಕಳೆದರೆ ಫೇಸ್.

ಮೊದಲು ಸೊನ್ನೆ ಹರ್ಟ್ಸ್‌ನಲ್ಲಿ, ಅಂದರೆ ಬಲತುದಿಯಲ್ಲಿ ಬೆರಳಿಟ್ಟೆವು. ಸ್ಕೇಲ್ ಇಟ್ಟು ಅಳೆದರೆ ಜೀರೋಗೆ 6.2 ಸೆಂಟಿಮೀಟರ್, ಪೋಲ್‌ಗೆ 6 ಚಿಲ್ಲರೆ. ಎರಡೂ ಹೆಚ್ಚುಕಡಿಮೆ ಒಂದೇ. ಜೋಡಿಯ ಲೆಕ್ಕವೂ ಸೇರಿದರೆ ಗೇನ್ 1.045. ಎಡತುದಿಯಲ್ಲಿ, 250 ಹರ್ಟ್ಸ್‌ನಲ್ಲಿ, 1.052. ದೂರದಿಂದ ನೋಡಿದರೆ ಪೋಲೂ ಜೀರೋನೂ ಒಂದನ್ನೊಂದು ಹೊಡೆದುಹಾಕುತ್ತವೆ. ಪೋಲ್ ಇಲ್ಲದೆ ಬರೀ ಜೀರೋ ಇಟ್ಟಿದ್ದರೆ? ಬಲತುದಿಯಲ್ಲಿ ಗೇನ್ 0.38, ಎಡತುದಿಯಲ್ಲಿ 3.6. ಗುಂಯ್‌ಗುಟ್ಟುವಿಕೆ ಹೋಗುತ್ತಿತ್ತು ನಿಜ, ಆದರೆ ಇಸಿಜಿ ಸಣಕಲಾಗಿ, ಮೇಲಿನ ಫ್ರೀಕ್ವೆನ್ಸಿಯ ನಾಯ್ಸ್ ಎದ್ದು ಕುಣಿಯುತ್ತಿತ್ತು. ಆ ಪೋಲ್ ಅಲ್ಲಿ ಕೂತಿರುವುದೇ ಇದನ್ನು ತಡೆಯಲಿಕ್ಕೆ.

ಈಗ ಬೆರಳನ್ನು 36 ಡಿಗ್ರಿಯ ಕಡೆಗೆ ಸರಿಸುತ್ತಾ ಬಂದೆವು. ಜೀರೋದಿಂದ 5 ಮಿಲಿಮೀಟರ್ ದೂರ ಇರುವಾಗ ನಿಂತು ನೋಡಿದರೆ, ಜೀರೋ ಗೆರೆ 5 ಮಿಲಿಮೀಟರ್, ಪೋಲ್ ಗೆರೆ ಸುಮಾರು 7. ಕೆಳಗಿನ ದೂರದ ಜೋಡಿಯ ಗೆರೆಗಳು ಹೆಚ್ಚುಕಡಿಮೆ ಸಮ, ಅದನ್ನು ಬದಿಗಿಟ್ಟರೆ ಅನುಪಾತ 0.7, ಅಂದರೆ ಮೈನಸ್ 3 ಡೆಸಿಬಲ್. ವೃತ್ತದ ಮೇಲಿನ ಆ 5 ಮಿಲಿಮೀಟರ್ ಎಂದರೆ 0.05 ರೇಡಿಯನ್, ಅಂದರೆ 4 ಹರ್ಟ್ಸ್. ಹಾಗಾಗಿ ನಾಚ್ ಹರಡಿರುವುದು 46ರಿಂದ 54ರವರೆಗೆ. ಪೋಲ್ ಎಷ್ಟು ಒಳಗಿದೆಯೋ, ಎರಡೂ ಪಕ್ಕಕ್ಕೆ ಅಷ್ಟೇ ಅಗಲ. ಈ ಒಂದು ಮಾತು ಗೊತ್ತಿದ್ದರೆ ನಾಚ್‌ನ ಅಗಲ ಹೇಳಲು ಕಂಪ್ಯೂಟರ್ ಬೇಕಿಲ್ಲ.

ಹಾಗಾದರೆ ಆ ಮೈನಸ್ 26? ಬೆರಳು ಸರಿಯಾಗಿ ಜೀರೋ ಮೇಲೆ ಬಂದರೆ ಗೆರೆಯ ಉದ್ದವೇ ಸೊನ್ನೆ, ಅಲ್ಲಿ ಯಾವ ಸಂಶಯವೂ ಇಲ್ಲ. ಆದರೆ `freqz` ಬೆರಳಿಡುವುದು 512 ಕಡೆ ಮಾತ್ರ. 250 ಹರ್ಟ್ಸ್ ಅನ್ನು 512 ಭಾಗ ಮಾಡಿದರೆ ಹೆಜ್ಜೆಗೆ 0.49 ಹರ್ಟ್ಸ್. 50ರ ತೀರಾ ಹತ್ತಿರದ ಹೆಜ್ಜೆ ಬೀಳುವುದು 49.8ರಲ್ಲಿ. ನಮ್ಮ ಹಾಳೆಯ ಮೇಲೆ ಅದು ಜೀರೋದಿಂದ ಕಾಲು ಮಿಲಿಮೀಟರ್ ದೂರ, ಪೆನ್ಸಿಲ್ ಗೆರೆಯ ದಪ್ಪಕ್ಕಿಂತ ಕಡಿಮೆ. ಕಾಲು ಮಿಲಿಮೀಟರನ್ನು ಪೋಲ್ ಗೆರೆಯ 5ರಿಂದ ಭಾಗಿಸಿದರೆ 0.05. ಡೆಸಿಬಲ್‌ನಲ್ಲಿ ಮೈನಸ್ 26. ಅವನ ಗ್ರಾಫ್‌ನಲ್ಲಿದ್ದ ಸಂಖ್ಯೆ ಅದೇ!

ಫಿಲ್ಟರ್ ಸರಿಯಾಗಿಯೇ ಇತ್ತು, ಗ್ರಾಫ್ ಆ ಗುಂಡಿಯ ತಳವನ್ನು ಮುಟ್ಟಿರಲಿಲ್ಲ ಅಷ್ಟೇ. `worN=[50]` ಅಂತ ಕೊಟ್ಟು ನೋಡಿದಾಗ ಮೈನಸ್ 64ಕ್ಕಿಂತ ಕೆಳಗೆ ಹೋಯಿತು. ಅಲ್ಲೂ ಪೂರ್ತಿ ಸೊನ್ನೆ ಬರಲಿಲ್ಲ, ಯಾಕೆಂದರೆ 1.6180 ಎಂದು ನಾಲ್ಕೇ ಅಂಕಿಗೆ ಕತ್ತರಿಸಿದ್ದ. ಆದರೆ `b`ಯ ಎರಡೂ ತುದಿಯಲ್ಲಿ 1 ಇರುವುದರಿಂದ ಜೀರೋ ವೃತ್ತ ಬಿಟ್ಟು ಹೋಗುವ ಹಾಗಿಲ್ಲ, ವೃತ್ತದ ಮೇಲೇ ಒಂಚೂರು ಜಾರುತ್ತದೆ. ಇಲ್ಲಿ ಅದು ಜಾರಿದ್ದು 0.002 ಹರ್ಟ್ಸ್.

ಅಷ್ಟರಲ್ಲಿ ಅವನಿಗೆ ಇನ್ನೊಂದು ಅನುಮಾನ. ಫೇಸ್ ಗ್ರಾಫ್‌ನಲ್ಲಿ 50ರ ಬಳಿ ಗೋಡೆಯ ಹಾಗೆ ನೆಟ್ಟಗೆ ಒಂದು ಜಿಗಿತ. “ಇದು ಕೆಟ್ಟಿದೆಯಾ ಸರ್?”

ಅದನ್ನೂ ಹಾಳೆಯ ಮೇಲೆಯೇ ನೋಡಿದೆವು. ಬೆರಳು ಜೀರೋಗೆ ಕೂದಲೆಳೆಯಷ್ಟು ಕೆಳಗಿರುವಾಗ ಜೀರೋ ಗೆರೆ ವೃತ್ತದ ಗುಂಟ ಹಿಂದಕ್ಕೆ ಮುಖ ಮಾಡಿರುತ್ತದೆ. ಪೋಲ್ ಗೆರೆ ನೇರ ಹೊರಕ್ಕೆ. ವ್ಯತ್ಯಾಸ ಮೈನಸ್ 90. ಬೆರಳು ದಾಟಿದ ತಕ್ಷಣ ಜೀರೋ ಗೆರೆ ಮುಂದಕ್ಕೆ ತಿರುಗಿ ನಿಲ್ಲುತ್ತದೆ, ಪೋಲ್ ಗೆರೆ ಕದಲಿರುವುದೇ ಇಲ್ಲ. ಈಗ ಪ್ಲಸ್ 90. ಅಂದರೆ 180 ಡಿಗ್ರಿ ಜಿಗಿತ ಬರಲೇಬೇಕು. ಆ ಜಾಗದಲ್ಲಿ ಉಳಿದಿರುವ ಸಿಗ್ನಲ್ಲೇ ಸೊನ್ನೆ, ಅದರಿಂದ ಯಾವ ತೊಂದರೆಯೂ ಇಲ್ಲ. ನಾನು ಜಾಸ್ತಿ ಗಮನ ಕೊಡುವುದು ಅಕ್ಕಪಕ್ಕಕ್ಕೆ: 46ರಲ್ಲಿ ಸುಮಾರು ಮೈನಸ್ 45 ಡಿಗ್ರಿ, 54ರಲ್ಲಿ ಪ್ಲಸ್ 45. 20 ಹರ್ಟ್ಸ್‌ಗೆ ಬರುವ ಹೊತ್ತಿಗೆ ಎರಡೂ ಗೆರೆಗಳು ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ತಿರುಗಿ, ಮೈನಸ್ 4.5 ಉಳಿದಿರುತ್ತದೆ.

“ಹಾಗಾದ್ರೆ ಪೋಲ್ ಇನ್ನೂ ಅಂಚಿಗೆ ತಳ್ಳೋಣ, 0.99ಕ್ಕೆ” ಅಂದ. ಆಸೆ ಸಹಜವೇ. ಒಂದೇ ಮಿಲಿಮೀಟರ್ ಒಳಗೆ ಇಟ್ಟರೆ ನಾಚ್‌ನ ಅಗಲ 1.6 ಹರ್ಟ್ಸ್‌ಗೆ ಇಳಿಯುತ್ತದೆ, ಫೇಸ್ ಕೆಡುವುದೂ ಅಷ್ಟರೊಳಗೇ ಮುಗಿಯುತ್ತದೆ. ಆದರೆ ಪೋಲ್‌ನ ದೂರವೇ ಪ್ರತಿ ಸ್ಯಾಂಪಲ್‌ಗೆ ಗುಣಿಸುತ್ತಾ ಹೋಗುವ ಸಂಖ್ಯೆ. 0.95 ಇದ್ದರೆ ಫಿಲ್ಟರ್‌ನೊಳಗಿನ ಅಲುಗಾಟ 20 ಸ್ಯಾಂಪಲ್‌ನಲ್ಲಿ, ಅಂದರೆ 40 ಮಿಲಿಸೆಕೆಂಡ್‌ನಲ್ಲಿ, ಮೂರನೇ ಒಂದು ಭಾಗದ ಆಸುಪಾಸಿಗೆ ಇಳಿಯುತ್ತದೆ. 0.99 ಇದ್ದರೆ ಅದಕ್ಕೇ 200 ಮಿಲಿಸೆಕೆಂಡ್ ಬೇಕು. ಹಾಕಿ ನೋಡಿದೆವು. ಪ್ರತಿ ಹೃದಯ ಬಡಿತದ ಚೂಪು ಮುಳ್ಳಿನ ಹಿಂದೆಯೇ 50 ಹರ್ಟ್ಸ್‌ನ ಸಣ್ಣ ಅಲೆಗಳ ಬಾಲ, ಮುಂದಿನ ಉಬ್ಬಿನವರೆಗೂ ಎಳೆದುಕೊಂಡು ಹೋಗಿತ್ತು. ತೆಗೆಯಬೇಕೆಂದಿದ್ದನ್ನು ಫಿಲ್ಟರೇ ಹುಟ್ಟಿಸುತ್ತಿತ್ತು. ಕೊನೆಗೆ 0.97ಕ್ಕೆ ಒಪ್ಪಿಕೊಂಡೆವು: ಅಗಲ 4.8 ಹರ್ಟ್ಸ್, ಬಾಲ 66 ಮಿಲಿಸೆಕೆಂಡ್.

ಎದ್ದು ಹೋಗುವ ಮುಂಚೆ ಅವನು ಇದೇ ಅಳತೆಯನ್ನು 2 ಹರ್ಟ್ಸ್‌ನ ನಾಚ್‌ಗೂ ಹಾಕಲು ಹೊರಟ. ಅಲ್ಲಿ ಇದು ನಡೆಯುವುದಿಲ್ಲ. 2 ಹರ್ಟ್ಸ್ ಎಂದರೆ ಬಲತುದಿಯಿಂದ ಎರಡೂವರೆ ಮಿಲಿಮೀಟರ್. ಮೇಲಿನ ಜೋಡಿ, ಕೆಳಗಿನ ಜೋಡಿ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ದೂರದ ಜೋಡಿ ಅಂತ ಬದಿಗಿಡಲು ಯಾವುದೂ ಉಳಿದಿರುವುದಿಲ್ಲ. ಪೋಲ್ 0.95ರಲ್ಲೇ ಇದ್ದರೆ ಸೊನ್ನೆ ಹರ್ಟ್ಸ್‌ನ ಗೇನ್ 0.2ಕ್ಕೆ ಕುಸಿಯುತ್ತದೆ. ಅಲ್ಲಿ ನಾಲ್ಕೂ ಗೆರೆಗಳನ್ನು ಒಂದೊಂದಾಗಿ ಅಳೆಯಲೇಬೇಕು, ಅದೂ ಇನ್ನೂ ದೊಡ್ಡ ಹಾಳೆಯ ಮೇಲೆ.