ಚಿಕೋರಿ ಎಷ್ಟು ಅಂತ ಕೇಳದೆ 12 ಕೆಜಿ ಕಾಫಿಪುಡಿ ಆರ್ಡರ್ ಮಾಡಿದ ಮೇಜರ್

ನಾನೂ ನನ್ನ ಅತ್ತಿಗೆನೂ ಸೇರ್ಕೊಂಡು ಚಿಕ್ಕಮಗಳೂರಿಂದ ಇನ್‌ಸ್ಟಾಗ್ರಾಂ, ವಾಟ್ಸಾಪ್‌ನಲ್ಲಿ ಕಾಫಿಪುಡಿ, ಕಾಳುಮೆಣಸು, ಸಿಕ್ಕಾಗ ಜೇನುತುಪ್ಪ ಮಾರ್ತೀವಿ. ಅಂಗಡಿ ಅಂತ ಏನಿಲ್ಲ, ಮನೆ ಹಿಂದಿನ ರೂಮಲ್ಲಿ ಪ್ಯಾಕಿಂಗ್, ಆರ್ಡರ್ ಎಲ್ಲ ಮೆಸೇಜಲ್ಲೇ. ಅಂದ್ರೆ ಗಿರಾಕಿ ಮುಖ ನಾವು ನೋಡೋದೇ ಇಲ್ಲ, ಅವರು ಏನು ಟೈಪ್ ಮಾಡ್ತಾರೋ ಅಷ್ಟರಲ್ಲೇ ಯಾರು ಏನು ಅಂತ ತಿಳ್ಕೋಬೇಕು. ಈ ವರ್ಷ ಮಳೆಗಾಲದಲ್ಲಿ ಬಂದ ಒಂದು ಆರ್ಡರ್ ಕಥೆನ ಸ್ವಲ್ಪ ವಿವರವಾಗೇ ಬರೀತಿದೀನಿ, ಯಾಕಂದ್ರೆ ಇದೇ ಆಟ ಉಪ್ಪಿನಕಾಯಿ ಮಾರೋರಿಗೂ, ಬ್ಲೌಸ್ ಹೊಲಿಯೋರಿಗೂ, ಹೋಂಸ್ಟೇ ಇಟ್ಕೊಂಡೋರಿಗೂ ಹೆಚ್ಚುಕಮ್ಮಿ ಹೀಗೇ ನಡೀತಿದೆ.

ಬೆಳಿಗ್ಗೆ ಹತ್ತು ಗಂಟೆ ಹೊತ್ತಿಗೆ ಇನ್‌ಸ್ಟಾಗ್ರಾಂಗೆ ಮೆಸೇಜು, ಹಿಂದಿ ಇಂಗ್ಲಿಷ್ ಕಲಸಿದ್ದು: 12 ಕೆಜಿ ಕಾಫಿಪುಡಿ ಬೇಕು, ಟೋಟಲ್ ಎಷ್ಟು ಹೇಳಿ. ಪ್ರೊಫೈಲಲ್ಲಿ ಯೂನಿಫಾರ್ಮ್ ಹಾಕಿರೋ ಫೋಟೋ. ನಮ್ಮಂಥ ಪುಟ್ಟ ಸೆಲ್ಲರ್‌ಗೆ 12 ಕೆಜಿ ಅಂದ್ರೆ ದೊಡ್ಡ ಆರ್ಡರೇ, ಅದು ಸುಳ್ಳಲ್ಲ. ಆದ್ರೆ ನನಗೆ ಮೊದ್ಲು ಕಣ್ಣಿಗೆ ಹೊಡೆದಿದ್ದು ಅವನು ಏನು ಕೇಳಲಿಲ್ಲ ಅನ್ನೋದು. ಕಾಫಿಪುಡಿ ತಗೊಳ್ಳೋರು ಯಾರೇ ಆಗ್ಲಿ ಮೊದ್ಲು ಚಿಕೋರಿ ಎಷ್ಟು ಪರ್ಸೆಂಟ್ ಅಂತಾರೆ, ಇಲ್ಲ ಪ್ಯೂರ್ ಇದೆಯಾ ಅಂತಾರೆ, ಅರೇಬಿಕಾನಾ ರೋಬಸ್ಟಾ ಮಿಕ್ಸಾ ಅಂತಾರೆ, ಫಿಲ್ಟರ್‌ಗೆ ತೀರಾ ನೈಸ್ ಮಾಡ್ಬೇಡಿ ಅಂತಾರೆ, ಯಾವಾಗ ಹುರಿದಿದ್ದು ಅಂತಾರೆ. ಅರ್ಧ ಕೆಜಿ ತಗೊಳ್ಳೋರೂ ಕೊರಿಯರ್ ಚಾರ್ಜ್ ಬಿಡಿ ಮೇಡಂ ಅಂತ ಒಂದು ಮಾತು ಕೇಳೇ ಕೇಳ್ತಾರೆ, ಅದು ನಮ್ಮ ಜನದ ವ್ಯಾಪಾರದ ರೀತಿ. ಅದೂ ಅಲ್ದೆ ಪುಡಿ ಮಾಡಿಟ್ಟ ಕಾಫಿ ಘಮ ಬೇಗ ಹೋಗುತ್ತೆ, ಹಂಗಾಗಿ ಜಾಸ್ತಿ ಬೇಕಾದೋರು ಮೊದ್ಲು ಕಾಲು ಕೆಜಿ ತರಿಸಿ ಕುಡಿದು ನೋಡಿ ಆಮೇಲೆ ಹೇಳೋದು. ನಾನು ಕೆಜಿಗೆ 650, ಒಟ್ಟು 7,800 ಅಂದ ತಕ್ಷಣ ಈ ಮನುಷ್ಯ ಓಕೆ ಅಂದ. ಪುಡಿ ಬಗ್ಗೆ ಒಂದೇ ಒಂದು ಮಾತಿಲ್ಲ, ಮುಂದಿನ ಮೆಸೇಜೇ ಯುಪಿಐ ನಂಬರ್ ಕೊಡಿ, ಯಾರ ಹೆಸರಲ್ಲಿದೆ ಅಂತ.

ನಾನು ಬೇಕು ಅಂತಲೇ ಒಂದು ಪ್ರಶ್ನೆ ಹಾಕಿದೆ, ಚಿಕೋರಿ ಎಷ್ಟು ಹಾಕ್ಲಿ ಸರ್, 80ಕ್ಕೆ 20 ಇರ್ಲಾ, 70ಕ್ಕೆ 30 ಇರ್ಲಾ ಅಂತ. ಅದಕ್ಕೆ ಬಂದ ಉತ್ತರ, ಬೆಸ್ಟ್ ಕ್ವಾಲಿಟಿ ಹಾಕಿ ಮೇಡಂ. ಇದು ನಾನು ಈಗ್ಲೂ ಮಾಡೋ ಕೆಲಸ, ದೊಡ್ಡ ಆರ್ಡರ್ ಬಂದ್ರೆ ಆ ಸಾಮಾನು ನಿಜವಾಗ್ಲೂ ಬೇಕಾದೋರಿಗೆ ಮಾತ್ರ ಉತ್ತರ ಗೊತ್ತಿರೋ ಒಂದು ಪ್ರಶ್ನೆ ಕೇಳೋದು. ಸೀರೆ ಮಾರೋರಾದ್ರೆ ಬ್ಲೌಸ್ ಪೀಸ್ ಬಗ್ಗೆ ಕೇಳಿ, ಕೇಕ್ ಮಾಡೋರಾದ್ರೆ ಎಗ್‌ಲೆಸ್ಸಾ, ಮೇಲೆ ಏನು ಹೆಸರು ಬರೀಬೇಕು ಅಂತ ಕೇಳಿ. ಮೋಸ ಮಾಡೋಕೆ ಬಂದವನು ದಿನಾ ಎಷ್ಟೋ ಜನಕ್ಕೆ ಇದೇ ಮೆಸೇಜ್ ಹಾಕಿರ್ತಾನೆ, ಅವನಿಗೆ ನಮ್ಮ ಸಾಮಾನು ಏನಾದ್ರೂ ಒಂದೇ.

ಆಮೇಲೆ ಶುರುವಾಯ್ತು. ತಾನು ಮೇಜರ್, ಹೊಸದಾಗಿ ಈ ಕಡೆ ಪೋಸ್ಟಿಂಗ್, ಯೂನಿಟ್ ಕ್ಯಾಂಟೀನ್‌ಗೆ ಬೇಕು, ಡ್ರೈವರ್ ಬಂದು ತಗೊಂಡು ಹೋಗ್ತಾನೆ. ನಾವು ಕೇಳದೇನೇ ಐಡಿ ಕಾರ್ಡ್ ಫೋಟೋ, ಆಧಾರ್ ಕಾರ್ಡ್ ಫೋಟೋ ಎಲ್ಲ ಕಳಿಸಿದ. ನಿಜವಾದ ಸೈನಿಕರು ಅಂಗಡಿಯವರಿಗೆ ಐಡಿ ಕಾರ್ಡ್ ಫೋಟೋ ಕಳಿಸಿ ನಂಬಿಸೋ ಅವಶ್ಯಕತೆನೇ ಇರಲ್ಲ. ಇಂಥ ಕಾರ್ಡುಗಳು ಯಾರದ್ದೋ ಕದ್ದಿದ್ದು, ಇಲ್ಲ ತಿದ್ದಿದ್ದು. ಸೈನ್ಯ ಅಂದ್ರೆ ನಮಗಿರೋ ಗೌರವನೇ ಬಳಸ್ಕೊಳ್ತಾರಲ್ಲ, ಅದು ನನಗೆ ತುಂಬಾ ಸಿಟ್ಟು ಬರಿಸೋ ವಿಷಯ.

ವಾಟ್ಸಾಪ್ ಕಾಲ್ ಬಂತು. ಆರ್ಮಿ ಅಕೌಂಟಿಂದ ನೇರ ಹಾಕೋಕೆ ಬರಲ್ಲ, ಮೊದ್ಲು 5 ರೂಪಾಯಿ ಟೆಸ್ಟ್ ಹಾಕ್ತೀನಿ, ಲೈನ್ ಕಟ್ ಮಾಡ್ಬೇಡಿ ಅಂದ. 5 ರೂಪಾಯಿ ನಿಜವಾಗ್ಲೂ ಬಂತು. ನಮ್ಮ ಅಕೌಂಟ್ ಅತ್ತಿಗೆ ಹೆಸರಲ್ಲಿದೆ, ಆಪ್ ಅವರ ಫೋನಲ್ಲೇ ಇದೆ, ಅವರು ಪಕ್ಕದಲ್ಲೇ ಮೆಣಸು ಪ್ಯಾಕೆಟ್ ಸೀಲ್ ಮಾಡ್ತಾ ಕೂತಿದ್ರು. ನಾನು ಸ್ಪೀಕರ್ ಹಾಕಿ ಸನ್ನೆ ಮಾಡಿದೆ. ಅವರು ತೆಗೆದು ನೋಡಿದ್ರೆ 5 ರೂಪಾಯಿ ಕಳಿಸಿರೋದು ಯಾವುದೋ ಹೆಂಗಸಿನ ಹೆಸರಿಂದ, ಮೇಜರ್ ಹೆಸರು ಅಲ್ಲ.

ಒಂದೆರಡು ನಿಮಿಷಕ್ಕೆ ನನ್ನ ಫೋನಿಗೆ ಎಸ್ಸೆಮ್ಮೆಸ್, ನಿಮ್ಮ ಖಾತೆಗೆ 78,000 ಜಮಾ ಆಗಿದೆ ಅಂತ ಬ್ಯಾಂಕಿನ ಧಾಟೀಲಿ. ಹಿಂದೇನೇ ಅವನ ಗಾಬರಿ ಧ್ವನಿ, ಮೇಡಂ ಒಂದು ಸೊನ್ನೆ ಜಾಸ್ತಿ ಹೋಯ್ತು, 7,800 ಇಟ್ಕೊಂಡು ಮಿಕ್ಕಿದ್ದು 70,200 ವಾಪಸ್ ಕೊಡಿ, ಮೇಲಧಿಕಾರಿಗೆ ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ. ಅತ್ತಿಗೆ ಸ್ಟೇಟ್‌ಮೆಂಟ್ ಮೇಲಿಂದ ಎಳೆದು ರಿಫ್ರೆಶ್ ಮಾಡಿದ್ರು, ಮೇಲ್ಗಡೆ ಸಾಲು ಅದೇ 5 ರೂಪಾಯಿ. ಎಸ್ಸೆಮ್ಮೆಸ್ ಬಂದಿರೋದು ಹತ್ತು ಅಂಕಿ ಮೊಬೈಲ್ ನಂಬರಿಂದ. ಬ್ಯಾಂಕಿನ ಮೆಸೇಜು ಹಂಗೆ ಯಾರದ್ದೋ ಮೊಬೈಲ್ ನಂಬರಿಂದ ಬರಲ್ಲ, ನಡುವೆ ಗೆರೆ ಇರೋ ಇಂಗ್ಲಿಷ್ ಅಕ್ಷರದ ಹೆಸರಿಂದ ಬರುತ್ತೆ. ಅದಕ್ಕಿಂತ ದೊಡ್ಡ ವಿಷಯ, ಅತ್ತಿಗೆ ಅಕೌಂಟ್‌ಗೆ ದುಡ್ಡು ಬಂದ್ರೆ ಮೆಸೇಜ್ ಅವರ ಫೋನಿಗೆ ಬರಬೇಕು, ನನ್ನ ಫೋನಿಗೆ ಹೆಂಗೆ ಬರುತ್ತೆ? ನಾನು ಆರ್ಡರ್ ತಗೊಳ್ಳೋ ನಂಬರು ಅವನಿಗೆ ಗೊತ್ತಿತ್ತು, ಅದಕ್ಕೇ ಕಳಿಸಿದ್ದ.

ಟ್ರಾನ್ಸಾಕ್ಷನ್ ಸ್ಕ್ರೀನ್‌ಶಾಟ್ ಕಳಿಸಿ, ಯುಟಿಆರ್ ನಂಬರ್ ಕಾಣೋ ಹಂಗೆ ಅಂದೆ. ಯುಟಿಆರ್ ಅಂದ್ರೆ ಪ್ರತಿ ಯುಪಿಐ ಪೇಮೆಂಟಿಗೂ ಸಿಗೋ 12 ಅಂಕಿ ನಂಬರು, ಕಳಿಸಿದವರ ಕಡೆನೂ ತಗೊಂಡವರ ಕಡೆನೂ ಒಂದೇ ಇರುತ್ತೆ. ಸ್ಕ್ರೀನ್‌ಶಾಟ್ ಬಂತು, ನೋಡೋಕೆ ಪಕ್ಕಾ ಒರಿಜಿನಲ್ ಥರ, ಹಸಿರು ಟಿಕ್ ಮಾರ್ಕು, 78,000, ಅತ್ತಿಗೆ ಪೂರ್ತಿ ಹೆಸರು. ಅತ್ತಿಗೆ ನಿಧಾನಕ್ಕೆ ಎರಡೂ ಫೋನ್ ಪಕ್ಕಪಕ್ಕ ಇಟ್ಕೊಂಡು ಅಂಕಿ ಮೇಲೆ ಬೆರಳಿಟ್ಟು ಓದಿದ್ರು. ಆ ಸ್ಕ್ರೀನ್‌ಶಾಟಲ್ಲಿದ್ದ ಯುಟಿಆರ್ ನಮ್ಮ ಸ್ಟೇಟ್‌ಮೆಂಟಲ್ಲಿ 5 ರೂಪಾಯಿ ಮುಂದೆ ಇದ್ದ ಅದೇ ನಂಬರು. "ಅದೇ ಚೀಟಿಗೆ ಅಮೌಂಟ್ ಬದಲಾಯಿಸಿದಾನೆ ಕಣೇ" ಅಂದ್ರು. 5 ರೂಪಾಯಿ ಟೆಸ್ಟ್ ಯಾತಕ್ಕೆ ಅಂತ ಆಗ ಪೂರ್ತಿ ಅರ್ಥ ಆಯ್ತು, ನಂಬಿಕೆ ಬರ್ಲಿ ಅಂತ ಅಷ್ಟೇ ಅಲ್ಲ, ನಮ್ಮ ಹೆಸರಿರೋ ಅಸಲಿ ಸ್ಕ್ರೀನ್‌ಶಾಟ್ ಒಂದು ಕೈಗೆ ಸಿಕ್ಕಿದ್ರೆ ಅದರಲ್ಲಿ ಅಂಕಿ ತಿದ್ದಿದ್ರೆ ಸಾಕಲ್ಲ. ಅದಕ್ಕೇ ಹೇಳೋದು, ಸ್ಕ್ರೀನ್‌ಶಾಟ್ ಎಷ್ಟು ಚೆನ್ನಾಗಿದ್ರೂ ಅದು ದುಡ್ಡಲ್ಲ, ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟಲ್ಲಿ ಅದೇ ಯುಟಿಆರ್, ಅದೇ ಅಮೌಂಟ್ ಎರಡೂ ಇದ್ರೆ ಮಾತ್ರ ಪ್ಯಾಕ್ ಮಾಡಿ.

ಅಷ್ಟಕ್ಕೂ ಬಿಡಲಿಲ್ಲ. ಕೊನೇಗೆ ಒಂದು ಕ್ಯೂಆರ್ ಕೋಡ್ ಕಳಿಸಿ, ಇದನ್ನ ಸ್ಕ್ಯಾನ್ ಮಾಡಿ ಪಿನ್ ಹಾಕಿ, ಜಾಸ್ತಿ ಬಂದಿರೋದು ಕ್ಯಾನ್ಸಲ್ ಆಗುತ್ತೆ ಅಂದ. ಕ್ಯೂಆರ್ ಸ್ಕ್ಯಾನ್ ಮಾಡೋದು ದುಡ್ಡು ಕೊಡೋಕೆ, ತಗೊಳ್ಳೋಕಲ್ಲ. ಯುಪಿಐ ಪಿನ್ ಹಾಕಿದ್ರೆ ನಮ್ಮ ಖಾತೆಯಿಂದ ದುಡ್ಡು ಹೊರಗೆ ಹೋಗುತ್ತೆ, ಇಲ್ಲಾಂದ್ರೆ ಬ್ಯಾಲೆನ್ಸ್ ನೋಡೋಕೆ ಕೇಳುತ್ತೆ, ದುಡ್ಡು ಒಳಗೆ ಬರೋಕೆ ಪಿನ್ ಬೇಕಾಗೋದೇ ಇಲ್ಲ. ಮುಂಚೆ ಇದೇ ಮೋಸನ ಕಲೆಕ್ಟ್ ರಿಕ್ವೆಸ್ಟ್, ಅಂದ್ರೆ ಯುಪಿಐಯಲ್ಲಿ ದುಡ್ಡು ಕೇಳೋ ಕೋರಿಕೆ, ಕಳಿಸಿ ಮಾಡ್ತಿದ್ರು, ಜನರಿಂದ ಜನರಿಗೆ ಹೋಗೋ ಆ ರಿಕ್ವೆಸ್ಟನ್ನ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದಾರೆ. ಕ್ಯೂಆರ್ ಆಟ ಮಾತ್ರ ಇನ್ನೂ ಇದೆ.

ನಾನು ಬರೆದಿದ್ದು ಇಷ್ಟೇ, ನಮ್ಮ ಸ್ಟೇಟ್‌ಮೆಂಟಲ್ಲಿ 5 ರೂಪಾಯಿ ಬಿಟ್ಟು ಬೇರೆ ಬಂದಿಲ್ಲ, ಜಾಸ್ತಿ ಹೋಗಿದ್ರೆ ನಿಮ್ಮ ಬ್ಯಾಂಕಲ್ಲಿ ಕಂಪ್ಲೇಂಟ್ ಕೊಡಿ, ಅವರು ನಮ್ಮ ಬ್ಯಾಂಕನ್ನ ಕೇಳ್ತಾರೆ. ಪೊಲೀಸ್ ಕಳಿಸ್ತೀನಿ ಅಂತ ಹೆದರಿಸಿದ, ಕಾಲ್ ಕಟ್ ಮಾಡಿದೆ. ಬ್ಲಾಕ್ ಮಾಡೋ ಮುಂಚೆ ಚಾಟ್ ಪೂರ್ತಿ ಸ್ಕ್ರೀನ್‌ಶಾಟ್ ತೆಗೆದೆ, ಪ್ರೊಫೈಲ್ ಲಿಂಕು, ನಂಬರು, ಆ ಎಸ್ಸೆಮ್ಮೆಸ್ಸು, ಕ್ಯೂಆರ್ ಎಲ್ಲ ಸೇವ್ ಮಾಡ್ಕೊಂಡೆ. ಅವರು ಮೆಸೇಜ್ ಅನ್‌ಸೆಂಡ್ ಮಾಡಿಬಿಟ್ರೆ ನಮ್ಮ ಹತ್ರ ಏನೂ ಉಳಿಯಲ್ಲ. ದುಡ್ಡು ಹೋಗಿರಲಿಲ್ಲ ಅಂತ ಕೇಂದ್ರ ಟೆಲಿಕಾಂ ಇಲಾಖೆಯ ಸಂಚಾರ್ ಸಾಥಿ ವೆಬ್‌ಸೈಟಿನ ಚಕ್ಷು ಅನ್ನೋ ವಿಭಾಗದಲ್ಲಿ ನಂಬರ್ ರಿಪೋರ್ಟ್ ಮಾಡಿದೆ. ದುಡ್ಡು ಹೋಗಿದ್ರೆ ಅದಲ್ಲ, ತಡ ಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡ್ಬೇಕು, ಇಲ್ಲ cybercrime.gov.in ಅಲ್ಲಿ ಹಾಕಬೇಕು, ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿ ಹೋಗೋದ್ರೊಳಗೆ ಹೇಳಿದ್ರೆ ಬ್ಯಾಂಕಿನವರು ತಡೆಹಿಡಿಯೋ ಸಾಧ್ಯತೆ ಇರುತ್ತೆ. ಸೈಬರ್ ಅಪರಾಧ ನೋಡೋ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೇಲೂ ದೂರು ಕೊಡಬಹುದು.

ಇಲ್ಲಿಗೆ ಮುಗೀತು ಅನ್ಕೋಬೇಡಿ, ಸ್ಟೇಟ್‌ಮೆಂಟಲ್ಲಿ ದುಡ್ಡು ಬಂದಿದ್ರೂ ತೊಂದರೆ ಆಗೋದುಂಟು. ಹಾಸನದಲ್ಲಿ ನನ್ನ ಗೆಳತಿ ಒಬ್ಬಳು ಸೀರೆ ಮಾರ್ತಾಳೆ. ಅವಳಿಗೆ ಒಬ್ಬ ಪೂರ್ತಿ ದುಡ್ಡು ಹಾಕಿ ಸೀರೆ ತರಿಸ್ಕೊಂಡ, ಎಲ್ಲ ಸರಿಯಾಗೇ ಇತ್ತು, ಸ್ವಲ್ಪ ದಿನ ಆದ್ಮೇಲೆ ಅವಳ ಖಾತೇಲಿ ಅಷ್ಟು ಮೊತ್ತಕ್ಕೆ ತಡೆ ಬಿತ್ತು. ವಿಚಾರಿಸಿದ್ರೆ ಆ ದುಡ್ಡು ಇನ್ಯಾರಿಗೋ ಮೋಸ ಮಾಡಿ ಅವರ ಖಾತೆಯಿಂದ ನೇರವಾಗಿ ಇವಳಿಗೆ ಹಾಕಿಸಿದ್ದು, ಅವರು 1930ಕ್ಕೆ ದೂರು ಕೊಟ್ಟಿದ್ರು. ಅವಳಿಗೆ ಕೈ ಹಿಡಿದಿದ್ದು ಬಿಲ್ಲು, ಚಾಟು, ಕೊರಿಯರ್ ರಸೀದಿ, ಅವನ್ನೆಲ್ಲ ಬ್ಯಾಂಕಿಗೂ ದೂರು ದಾಖಲಾದ ಠಾಣೆಗೂ ಕಳಿಸಿ ತಾನು ನಿಜವಾಗ್ಲೂ ಸಾಮಾನು ಮಾರಿದೀನಿ ಅಂತ ತೋರಿಸಿದ್ಳು, ತಡೆ ತೆಗೆಯೋ ಹೊತ್ತಿಗೆ ಸಾಕುಸಾಕಾಯ್ತು ಅವಳಿಗೆ. ಇದನ್ನ ಮೊದಲೇ ಪೂರ್ತಿ ಕಂಡುಹಿಡಿಯೋಕೆ ದಾರಿ ಇಲ್ಲ. ಆದ್ರೆ ಆರ್ಡರ್ ಮಾಡಿದೋರ ಹೆಸರು ಒಂದು, ದುಡ್ಡು ಬಂದ ಹೆಸರು ಇನ್ನೊಂದು, ಪಾರ್ಸೆಲ್ ವಿಳಾಸ ಮೂರನೇದು ಆದ್ರೆ ನಾವೀಗ ನಿಲ್ಲಿಸಿ ಕೇಳ್ತೀವಿ. ಗಂಡನ ಖಾತೆ, ಮಗನ ಫೋನು ಅಂತ ನಿಜವಾದ ಗಿರಾಕಿ ಸುಲಭವಾಗಿ ಹೇಳ್ತಾರೆ, ಅದನ್ನ ಚಾಟಲ್ಲೇ ಬರೆಸ್ಕೊಳ್ತೀವಿ. ದುಡ್ಡು ನಿಜವಾಗ್ಲೂ ಜಾಸ್ತಿ ಬಂದಿದ್ರೂ ಬೇರೆ ನಂಬರಿಗೆ ವಾಪಸ್ ಹಾಕಲ್ಲ, ಬ್ಯಾಂಕಿಗೆ ತಿಳಿಸಿ ಅವರ ಮೂಲಕವೇ ಹೋಗ್ಲಿ ಅಂತೀವಿ.

ಈಗ ವಾಟ್ಸಾಪ್ ಬಿಸಿನೆಸ್ಸಲ್ಲಿ ಒಂದು ರೆಡಿ ಉತ್ತರ ಹಾಕಿಟ್ಟಿದೀವಿ: ದುಡ್ಡು ಖಾತೆಗೆ ಬಂದದ್ದು ನೋಡಿದ ಮೇಲೆ ಪಾರ್ಸೆಲ್ ಕಳಿಸ್ತೀವಿ, ನಾವು ಯಾವ ಕ್ಯೂಆರ್ ಸ್ಕ್ಯಾನ್ ಮಾಡಲ್ಲ, ಎರಡು ಕೆಜಿ ಮೇಲಿದ್ರೆ ಮೊದ್ಲು ಸ್ಯಾಂಪಲ್ ತಗೊಳ್ಳಿ. ಮೊನ್ನೆ ಮೂಡಿಗೆರೆ ಕಡೆ ಹೋಂಸ್ಟೇ ಒಬ್ರು 10 ಕೆಜಿ ಕೇಳಿದ್ರು, ಇದೇ ಉತ್ತರ ಹೋಯ್ತು. ಅವರು ಬೇಜಾರು ಮಾಡ್ಕೊಳ್ಳಲಿಲ್ಲ. ಸರಿ ಕಾಲು ಕೆಜಿ ಕಳಿಸಿ, ಚಿಕೋರಿ ಹತ್ತು ಪರ್ಸೆಂಟ್ ದಾಟಬಾರದು, ಹಿಂದಿನ ಕಡೆಯವರು ತೀರಾ ಕಪ್ಪಗೆ ಹುರಿದಿದ್ರು ಹಂಗಾಗ್ಬಾರ್ದು, ರೇಟು ಮಾತ್ರ ಸ್ವಲ್ಪ ನೋಡ್ಕೊಂಡು ಹಾಕಿ ಅಂದ್ರು. ಸ್ಯಾಂಪಲ್ ಅವತ್ತೇ ಕಳಿಸಿದ್ವಿ.